ಬಿಸಿಲಿಗೆ ಸೆಲ್ ಚಾರ್ಜ್ ಆಗಲ್ಲ

ಕಲಬುರಗಿಯಲ್ಲಿ ಮಾಳಿಗೆ ಮೇಲೆ ಸಂಡಿಗೆ ಪಕ್ಕದಲ್ಲೇ ಮುಗಿದ ಸೆಲ್ ಇಡುವವರು ಇನ್ನೂ ಇದ್ದಾರೆ. ಬಿಸಿಲಿಗೆ ಅದು ಚಾರ್ಜ್ ಆಗುತ್ತದೆ ಅನ್ನೋದು ಸುಳ್ಳು. ಆದರೆ ಟಾರ್ಚ್ ಸ್ವಲ್ಪ ಹೊತ್ತು ಬೆಳಗುವುದು ನಿಜ. ಹೇಗೆ?

ಪ್ರತಿ ಸೆಲ್ಲಿನೊಳಗೂ ಕರೆಂಟಿಗೆ ಒಂದು ಅಡ್ಡಿ ಇರುತ್ತದೆ. ಅದನ್ನು ಒಳರೋಧ ಅನ್ನುತ್ತಾರೆ. ಟಾಕಿಯಲ್ಲಿ ನೀರಿದ್ದರೂ ನಳ ಕಟ್ಟಿಕೊಂಡಂತೆ. ಸೆಲ್ ಹಳೆಯದಾದಷ್ಟೂ ಅಡ್ಡಿ ಹೆಚ್ಚುತ್ತದೆ, ಬಿಸಿಯಾದರೆ ತುಸು ಇಳಿಯುತ್ತದೆ. ಬಿಸಿಲು ಕೊಡುವುದು ಅಷ್ಟೇ. ಜೊತೆಗೆ ಸೋರಿಕೆಯನ್ನೂ ಹತ್ತಿರ ತರುತ್ತದೆ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಸತು ಮತ್ತು ನವಸಾಗರ ಬಳಸಿ ಮಾಡಿದ ಸೆಲ್ಲಿನ ವಂಶದ್ದೇ ಇಂದಿನ ಅಗ್ಗದ ಸೆಲ್. ಇದರಲ್ಲಿ ಸತುವಿನ ಡಬ್ಬಿಯೇ ಗೋಡೆ, ಅದೇ ಇಂಧನ. ಬಳಸಿದಂತೆ ಗೋಡೆಯೇ ಕರಗುತ್ತದೆ!

ಮನೆಯ ಬಿಪಿ ಮಷೀನ್ ನೋಡಿ. ಸಾಮಾನ್ಯವಾಗಿ 4 ಎಎ ಸೆಲ್ ಬೇಕು. ಬಳಸಿದ ಅಗ್ಗದ ಸೆಲ್ಲುಗಳು ಮೀಟರಿನಲ್ಲಿ ತಲಾ 1.4 ವೋಲ್ಟ್ ತೋರಿಸಬಹುದು, ಒಟ್ಟು 5.6. ಪಂಪ್ ಅರ್ಧ ಆಂಪಿಯರ್ ಎಳೆಯುತ್ತದೆ, ಒಂದೊಂದು ಸೆಲ್ಲಿನ ಒಳರೋಧ 1 ಓಮ್ ಅಂತಿಟ್ಟುಕೊಳ್ಳಿ. ಒಳಗೇ 2 ವೋಲ್ಟ್ ಹೋಯಿತು, ಉಳಿದದ್ದು 3.6. ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ ಮಷೀನ್ ಆರುತ್ತದೆ. ಅವೇ ಸೆಲ್ ಟಿವಿ ರಿಮೋಟಿಗೆ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತವೆ, ಯಾಕಂದ್ರೆ ರಿಮೋಟ್ ಎಳೆಯುವ ಕರೆಂಟ್ ತೀರಾ ಕಡಿಮೆ.

ಅದಕ್ಕೇ 1.2 ವೋಲ್ಟಿನ ನಿಕಲ್ ರೀಚಾರ್ಜಬಲ್ ಸೆಲ್ ನೋಡಿ ಮೂಗು ಮುರಿಯಬೇಡಿ. ಅದರ ಒಳರೋಧ 0.05 ಓಮ್ ಎಂದರೂ ನಾಲ್ಕರಿಂದ ಕಳೆಯುವುದು 0.1 ವೋಲ್ಟ್ ಮಾತ್ರ. ಪಂಪಿಗೆ 4.7 ಸಿಗುತ್ತದೆ, ಮುಗಿಯುವ ಹೊತ್ತಿನವರೆಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಕೆಲವು ಮಷೀನ್ ಮಾಮೂಲಿ ಸೆಲ್ಲಿನ 1.5 ವೋಲ್ಟ್ ಲೆಕ್ಕದಲ್ಲೇ ಬ್ಯಾಟರಿ ಗುರುತು ತೋರಿಸುತ್ತವೆ, ಬೇಗ ಖಾಲಿ ಅನ್ನುತ್ತವೆ.

ಕೊಳ್ಳುವಾಗ ಮೈಮೇಲಿನ ಗುರುತು ಓದಿ. ಬರೀ R6 ಅಂದರೆ ಅಗ್ಗದ ಸತು ಸೆಲ್, ಗೋಡೆ ಗಡಿಯಾರಕ್ಕೆ ಸಾಕು. LR6 ಅಲ್ಕಲೈನ್. ಬಿಪಿ ಮಷೀನ್ ಅಪರೂಪಕ್ಕೆ ಬಳಸುವವರಿಗೆ ಇದೇ ಸರಿ. ದಿನಾ ನೋಡುವವರಿಗೆ HR6, ಅಂದರೆ ಆ ನಿಕಲ್ ಸೆಲ್, ಚಾರ್ಜರ್ ಸಮೇತ. ಇದರ ಮೇಲೆ mAh, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ, ಬರೆದಿರುತ್ತದೆ, ಸಾಮಾನ್ಯವಾಗಿ 2000ದ ಆಸುಪಾಸು. ಅಲ್ಕಲೈನಿಗೂ ಅಷ್ಟು ಇರುತ್ತದೆ ಅನ್ನುತ್ತಾರೆ, ಆದರೆ ಅದು ನಿಧಾನಕ್ಕೆ ಎಳೆದಾಗಿನ ಲೆಕ್ಕ. FR6 ಲಿಥಿಯಂ, ದುಬಾರಿ. ಹೊಲದ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಟಾರ್ಚಿಗೆ ಅದೇ ಬೇಕು. 60 ಡಿಗ್ರಿವರೆಗೂ ತಡೆಯುತ್ತದೆ, ಸೋರುವುದು ಕಡಿಮೆ. ಆದರೆ ಅದನ್ನೂ ಅಲ್ಕಲೈನನ್ನೂ ಚಾರ್ಜರಿಗೆ ಹಾಕಬೇಡಿ.

ಲಿಥಿಯಂ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. 14500 ಅಂತ ಬರೆದ ಚಾರ್ಜಿಂಗ್ ಸೆಲ್ ಎಎ ಅಳತೆಯದ್ದೇ, ಆದರೆ 3.7 ವೋಲ್ಟಿನದು. ಪೂರ್ತಿ ತುಂಬಿದಾಗ 4.2. ಅಂಥ ನಾಲ್ಕು ಹಾಕಿದರೆ 6 ವೋಲ್ಟಿನ ಬಿಪಿ ಮಷೀನಿಗೆ ಸುಮಾರು 17 ವೋಲ್ಟ್ ಹೋಗುತ್ತದೆ. ಆಮೇಲೆ ಮಷೀನೇ ಹೊಸದು ತರಬೇಕು.