ದಂಪತಿ ಸಮಾಲೋಚನೆ: ಜಗಳದ ಜಾಡು ಮತ್ತು ಮೊದಲ ಕೆಲವು ಭೇಟಿಗಳು

ದಂಪತಿ ಸಮಾಲೋಚನೆಗೆ ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ನಾನು ಮೊದಲು ‘ಜಗಳ ಹೆಚ್ಚಾದಾಗ’ ಎಂದು ಬರೆದುಕೊಂಡಿದ್ದೆ. ಈಗ ಆ ಸಾಲನ್ನು ಹೊಡೆದುಹಾಕಿದ್ದೇನೆ. ವಾರಕ್ಕೆ ನಾಲ್ಕು ಸಲ ಜಗಳವಾಡಿದರೂ ಊಟದ ಹೊತ್ತಿಗೆ ಮಾತಿಗೆ ಮರಳುವ ದಂಪತಿಗಳಿದ್ದಾರೆ. ತಿಂಗಳಿಗೊಮ್ಮೆ ಜಗಳವಾಡಿ ಎಂಟು ದಿನ ಮಾತು ಬಿಡುವವರೂ ಇದ್ದಾರೆ. ನೆರವು ಹೆಚ್ಚಾಗಿ ಬೇಕಾಗುವುದು ಈ ಎರಡನೆಯವರಿಗೆ. ಆದ್ದರಿಂದ ಎಣಿಕೆಯನ್ನು ಬಿಟ್ಟು ಜಗಳದ ಜಾಡನ್ನು ನೋಡೋಣ.

ಒಂದು ಕಲ್ಪಿತ ಉದಾಹರಣೆ. ಸುಮಾ ದಾವಣಗೆರೆಯಲ್ಲಿ ಶಿಕ್ಷಕಿ, ರಮೇಶ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಮದುವೆಯಾಗಿ ಒಂಬತ್ತು ವರ್ಷ. ರಮೇಶ ಪ್ರತಿ ತಿಂಗಳು ತಮ್ಮನಿಗೆ 5,000 ರೂಪಾಯಿ ಕಳುಹಿಸುತ್ತಾನೆ, ಮನೆಯಲ್ಲಿ ಹೇಳುವುದಿಲ್ಲ. “ಈ ತಿಂಗಳೂ ಕಳುಹಿಸಿದಿರಾ?” ಎಂದು ಸುಮಾ ಕೇಳಿದರೆ ಅವನು ಟಿವಿಯಿಂದ ಕಣ್ಣು ತೆಗೆಯುವುದಿಲ್ಲ. ಅವಳ ದನಿ ಏರುತ್ತದೆ, ಅವನು ಎದ್ದು ಮಹಡಿಗೆ ಹೋಗುತ್ತಾನೆ. ಹಬ್ಬಕ್ಕೆ ಯಾರ ಮನೆಗೆ ಹೋಗುವುದು, ಮಗಳ ಟ್ಯೂಷನ್ ಶುಲ್ಕ ಹೇಗೆ ಹೊಂದಿಸುವುದು, ಯಾವ ವಿಷಯ ಬಂದರೂ ದಾರಿ ಇದೇ. ಒಬ್ಬರು ಬೆನ್ನಟ್ಟುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. “ಇವರು ಮಾತಾಡುವುದಿಲ್ಲ, ಅದಕ್ಕೇ ಕೂಗುತ್ತೇನೆ” ಎನ್ನುತ್ತಾಳೆ ಅವಳು. “ಇವಳು ಕೂಗುತ್ತಾಳೆ, ಅದಕ್ಕೇ ಮಾತಾಡುವುದಿಲ್ಲ” ಎನ್ನುತ್ತಾನೆ ಅವನು. ಇಬ್ಬರೂ ಹೇಳುತ್ತಿರುವುದು ನಿಜ. ಮುಂದಿನ ಜಗಳ ಹೇಗೆ ಮುಗಿಯುತ್ತದೆ ಎಂದು ಇಬ್ಬರೂ ಮೊದಲೇ ಹೇಳಬಲ್ಲರು, ಆದರೆ ತಡೆಯಲಾರರು ಎಂದಾದರೆ ಅದು ಮೊದಲ ಸೂಚನೆ.

ಎರಡನೆಯದು ತಿರಸ್ಕಾರ. “ಹಣದ ವಿಷಯ ಮುಚ್ಚಿಟ್ಟಿರಿ” ಎಂಬುದು ದೂರು. “ನಿಮ್ಮ ವಂಶವೇ ಅಷ್ಟು” ಎಂಬುದು ತಿರಸ್ಕಾರ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಸಂಬಂಧಕ್ಕೆ ಅತಿ ಹೆಚ್ಚು ಹಾನಿ ಮಾಡುವುದು ಇದೇ ಎಂದು ಗುರುತಿಸಿದರು. ಇದು ಆಗಾಗ ಕೇಳಿಬರುತ್ತಿದ್ದರೆ ಕಾಯುವುದು ಬೇಡ.

ಇಬ್ಬರಲ್ಲಿ ಒಬ್ಬರು ಬಿಟ್ಟುಹೋಗುವುದೋ ಉಳಿಯುವುದೋ ಎಂದು ತೂಗುತ್ತಿದ್ದರೆ ದಾರಿ ಬೇರೆ. ಆಗ ಸಂಬಂಧವನ್ನು ಸರಿಪಡಿಸಲು ಹೊರಡುವ ಮೊದಲು ಆ ನಿರ್ಧಾರಕ್ಕಷ್ಟೇ ನೆರವಾಗುವ ಕಿರು ಸಮಾಲೋಚನೆಯಿದೆ. ಅಮೆರಿಕದ ಕುಟುಂಬ ಚಿಕಿತ್ಸಕ ವಿಲಿಯಂ ಡೊಹರ್ಟಿ ರೂಪಿಸಿದ ಈ ಕ್ರಮ ಹೆಚ್ಚೆಂದರೆ ಐದು ಭೇಟಿಗಳಲ್ಲಿ ಮುಗಿಯುತ್ತದೆ.

ಇನ್ನು ಭೇಟಿಗಳು. ಎಲ್ಲ ಆಪ್ತಸಮಾಲೋಚಕರ ಕ್ರಮವೂ ಒಂದೇ ಅಲ್ಲ. ಹೆಚ್ಚಾಗಿ ಕಾಣುವ ಒಂದು ಕ್ರಮದಲ್ಲಿ ಮೊದಲು ಇಬ್ಬರೂ ಒಟ್ಟಿಗೆ ಕೂರುತ್ತಾರೆ. ಅವರಿಬ್ಬರು ಮೊದಲು ಭೇಟಿಯಾದ ಬಗೆ, ಮದುವೆಯ ಮೊದಲ ವರ್ಷಗಳು, ಈಗಿನ ತೊಡಕು ಇವನ್ನೆಲ್ಲ ಸಮಾಲೋಚಕರು ಕೇಳುತ್ತಾರೆ. ಕೆಲವರು ಜಗಳದ ಒಂದು ವಿಷಯ ಕೊಟ್ಟು ಹತ್ತು ನಿಮಿಷ ಮಾತಾಡಲು ಬಿಟ್ಟು ಸುಮ್ಮನೆ ನೋಡುತ್ತಾರೆ. ರಮೇಶ ಯಾವ ಮಾತಿಗೆ ಕಣ್ಣು ತಪ್ಪಿಸಿದ, ಅದರ ಹಿಂದೆಯೇ ಸುಮಾಳ ದನಿ ಎಷ್ಟು ಏರಿತು ಎಂಬುದು ಆಗ ಅವರ ಕಣ್ಣೆದುರೇ ನಡೆಯುತ್ತದೆ. ‘ತಪ್ಪು ಯಾರದು’ ಎಂಬ ತೀರ್ಪು ಸಿಗಲಿಲ್ಲವೆಂದು ಅನೇಕರು ಬೇಸರದಿಂದ ಹೊರಡುವುದು ಈ ಭೇಟಿಯ ನಂತರವೇ. ಸಮಾಲೋಚಕರು ಪಂಚಾಯಿತಿ ಮಾಡುವವರಲ್ಲ. ಅವರು ಮೊದಲ ದಿನವೇ ಒಬ್ಬರ ಪಕ್ಷ ಹಿಡಿದು ಇನ್ನೊಬ್ಬರಿಗೆ ಬುದ್ಧಿ ಹೇಳತೊಡಗಿದರೆ ಅನುಮಾನ ಪಡಬೇಕು.

ನಂತರ ಒಬ್ಬೊಬ್ಬರೊಂದಿಗೆ ಪ್ರತ್ಯೇಕ ಭೇಟಿ. ನನ್ನ ಮಟ್ಟಿಗೆ ಇಡೀ ಆರಂಭದಲ್ಲಿ ಅತಿ ಸೂಕ್ಷ್ಮವಾದದ್ದು ಇದೇ. ಇಲ್ಲಿ ಹೇಳಿದ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಯೇ, ಸಂಗಾತಿಗೆ ತಿಳಿಸಬೇಕಾಗುತ್ತದೆಯೇ ಎಂಬ ನಿಯಮವನ್ನು ಸಮಾಲೋಚಕರು ಮೊದಲೇ ಸ್ಪಷ್ಟಪಡಿಸಬೇಕು. ಅವರು ಹೇಳದಿದ್ದರೆ ನಾವೇ ಕೇಳಬೇಕು. ಇದೇ ಭೇಟಿಯಲ್ಲಿ “ಮನೆಯಲ್ಲಿ ಅವರನ್ನು ಕಂಡರೆ ಹೆದರಿಕೆಯಾಗುತ್ತದೆಯೇ? ಕೈ ಎತ್ತಿದ್ದುಂಟೇ?” ಎಂಬ ಪ್ರಶ್ನೆ ಬರುತ್ತದೆ. ಪ್ರತ್ಯೇಕವಾಗಿ ಕೇಳುವುದಕ್ಕೆ ಕಾರಣವಿದೆ: ಹೊಡೆಯುವವರ ಪಕ್ಕದಲ್ಲಿ ಕುಳಿತು ಯಾರೂ ಹೌದು ಎನ್ನಲಾರರು. ಒಬ್ಬರು ಭಯದಲ್ಲಿ ಬದುಕುತ್ತಿದ್ದಾರೆಂದು ತಿಳಿದರೆ ಜಂಟಿ ಭೇಟಿಗಳನ್ನು ಮುಂದುವರಿಸುವುದು ತಪ್ಪು, ಏಕೆಂದರೆ ಅಲ್ಲಿ ಬಾಯಿಬಿಟ್ಟ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳಬಹುದು. ಮೊದಲು ಸುರಕ್ಷತೆ ನೋಡಬೇಕು. ಮಹಿಳಾ ಸಹಾಯವಾಣಿ 181 ಇರುವುದು ಇಂಥ ಹೊತ್ತಿಗೇ.

ಮತ್ತೆ ಇಬ್ಬರೂ ಕೂಡುವ ಭೇಟಿಯಲ್ಲಿ ಸಮಾಲೋಚಕರು ತಾವು ಕಂಡದ್ದನ್ನು ಮುಂದಿಡುತ್ತಾರೆ. ಸುಮಾ, ರಮೇಶರ ಮುಂದೆ ಹಾಳೆಯ ಮೇಲೊಂದು ವೃತ್ತ ಬರೆಯುತ್ತಾರೆ: ಪ್ರಶ್ನೆ, ಮೌನ, ಏರುದನಿ, ಮಹಡಿ, ಮತ್ತೆ ಪ್ರಶ್ನೆ. ಮನೆಗೆ ಒಂದೇ ಕೆಲಸ ಕೊಡುತ್ತಾರೆ. ರಮೇಶ ಎದ್ದು ಹೋಗಬಹುದು, ಆದರೆ “ಅರ್ಧ ಗಂಟೆ ಬಿಟ್ಟು ಬಂದು ಮಾತಾಡುತ್ತೇನೆ” ಎಂದು ಹೇಳಿಯೇ ಹೋಗಬೇಕು. ಸುಮಾ ಆ ಅರ್ಧ ಗಂಟೆ ಹಿಂದೆ ಹೋಗಬಾರದು. ಏರಿದ ಎದೆಬಡಿತ ಇಳಿಯಲು ಕನಿಷ್ಠ ಇಪ್ಪತ್ತು ನಿಮಿಷವಾದರೂ ಬೇಕು, ಅದಕ್ಕೇ ಈ ಅವಧಿ.

ಮೊದಲ ವಾರ ರಮೇಶ ಹೇಳಿ ಹೋದ, ಆದರೆ ಮರಳಿ ಬರಲಿಲ್ಲ ಎಂದಿಟ್ಟುಕೊಳ್ಳಿ. ಇದು ಸೋಲಲ್ಲ. ಮಹಡಿಯ ಮೆಟ್ಟಿಲಿಳಿಯುವಾಗ ಅವನನ್ನು ತಡೆದದ್ದು ಏನು ಎಂಬ ಪ್ರಶ್ನೆಯಿಂದಲೇ ಮುಂದಿನ ಭೇಟಿ ಆರಂಭವಾಗುತ್ತದೆ.