ಸೌತೆಕಾಯಿ, ಸೈಕಲ್, ಸೂಜಿ: ನಿದ್ದೆಗೆ ದಾರಿ ಬಿಡುವ ಪದಗಳು

ಮಲಗಿದ ಮೇಲೂ ತಲೆ ಓಡುತ್ತಲೇ ಇದ್ದರೆ ಏನು ಮಾಡಬೇಕು? ಯಾರನ್ನು ಕೇಳಿದರೂ ಒಂದು ಉಪಾಯ ಹೇಳುತ್ತಾರೆ. ನೂರರಿಂದ ಹಿಂದಕ್ಕೆ ಎಣಿಸು ಅನ್ನುತ್ತಾರೆ. ಏನೂ ಯೋಚಿಸಬೇಡ ಅನ್ನುತ್ತಾರೆ. ಎಣಿಕೆಯ ತೊಂದರೆ ಏನೆಂದರೆ ಅದು ನಮಗೆಲ್ಲ ಬಾಯಿಪಾಠ. ಎಣಿಕೆ ಪಾಡಿಗೆ ಎಣಿಕೆ ಸಾಗುತ್ತದೆ, ಚಿಂತೆ ಪಾಡಿಗೆ ಚಿಂತೆ. ಇನ್ನು ‘ಯೋಚಿಸಬೇಡ’ ಅನ್ನುವುದಂತೂ ಆಗದ ಮಾತು. ಬೇಡ ಅಂದಷ್ಟೂ ಅದೇ ಯೋಚನೆ ಬರುತ್ತದೆ, ಅಲ್ವಾ?

ಕಾಗ್ನಿಟಿವ್ ಶಫ್ಲಿಂಗ್ ಎಂಬ ವಿಧಾನ ತಲೆಯನ್ನು ಸುಮ್ಮನಿರಿಸಲು ಹೋಗುವುದೇ ಇಲ್ಲ. ಅದಕ್ಕೊಂದು ಕೆಲಸ ಕೊಡುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳನ್ನು ಒಂದಾದ ಮೇಲೊಂದು ಮನಸ್ಸಿನಲ್ಲೇ ನೋಡುತ್ತಾ ಹೋಗುವುದು, ಅಷ್ಟೇ ಕೆಲಸ. ಇದನ್ನು ರೂಪಿಸಿದವರು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಲೂಕ್ ಬೋಡುವಾ. ವಿದ್ಯಾರ್ಥಿಯಾಗಿದ್ದಾಗ ಅವರಿಗೇ ನಿದ್ದೆಯ ತೊಂದರೆ ಇತ್ತು. ಇದರ ಮೂಲ ಯೋಚನೆ ಹುಟ್ಟಿದ್ದು ಆಗಲೇ.

ನಿದ್ದೆಯ ಅಂಚಿನಲ್ಲಿ ತಲೆಯೊಳಗೆ ಏನಾಗುತ್ತದೆ ಅನ್ನುವುದು ಇಲ್ಲಿ ಮುಖ್ಯ. ಆಗಷ್ಟೇ ಜೋಂಪು ಹತ್ತಿದವರನ್ನು ಎಬ್ಬಿಸಿ ಕೇಳಿದರೆ ಹಲವರು ತುಂಡು ತುಂಡು ಚಿತ್ರ ಕಂಡೆ ಅನ್ನುತ್ತಾರೆ. ಒಂದು ಮುಖ, ಒಂದು ಬಾಗಿಲು, ಎಲ್ಲೋ ಜಾರಿದ ಹಾಗೆ. ಅದರಲ್ಲಿ ಕಥೆಯೂ ಇಲ್ಲ, ಉದ್ದೇಶವೂ ಇಲ್ಲ. ಚಿಂತೆ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಸರಪಳಿ ಇರುತ್ತದೆ. ಹೀಗಾದರೆ ಹಾಗೆ, ಹಾಗಾದರೆ ಮುಂದೇನು ಅಂತ ಸಾಗುತ್ತದೆ. ತಲೆ ಇನ್ನೂ ಅರ್ಥ ಜೋಡಿಸುತ್ತಿದೆ ಅಂದರೆ ಎಚ್ಚರ ಇರುವುದು ಇನ್ನೂ ಬೇಕು ಅಂತ ಮಿದುಳು ತಿಳಿಯುತ್ತದೆ ಎನ್ನುವುದು ಬೋಡುವಾ ಅವರ ಊಹೆ. ಚಿತ್ರಗಳು ಚದುರಿದರೆ ಮಲಗಬಹುದು ಅಂತ ಒಪ್ಪುತ್ತದಂತೆ. ಹಾಗಿದ್ದರೆ ಆ ಚದುರಿದ ಸ್ಥಿತಿಯನ್ನು ನಾವೇ ಬೇಕಂತ ತಂದುಕೊಂಡರೆ? ಇಡೀ ವಿಧಾನ ನಿಂತಿರುವುದು ಈ ಪ್ರಶ್ನೆಯ ಮೇಲೆ. ಇದು ಊಹೆಯೇ ಹೊರತು ಸಾಬೀತಾದ ಸಂಗತಿಯಲ್ಲ. ಅದನ್ನು ಮರೆಯದೆ ಮುಂದೆ ಓದಿ.

ಮಾಡುವುದು ಹೀಗೆ. ಯಾವ ಭಾವನೆಯನ್ನೂ ಕೆರಳಿಸದ ಒಂದು ಪದ ಆರಿಸಿಕೊಳ್ಳಬೇಕು. ಅದರ ಮೊದಲ ಅಕ್ಷರದಿಂದ ಶುರುವಾಗುವ ಒಂದು ವಸ್ತುವನ್ನು ನೆನೆಯಬೇಕು. ಐದರಿಂದ ಎಂಟು ಸೆಕೆಂಡು, ಅಂದರೆ ಒಂದೆರಡು ಉಸಿರಿನಷ್ಟು ಹೊತ್ತು, ಅದನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಆಮೇಲೆ ಅದೇ ಅಕ್ಷರದ ಇನ್ನೊಂದು ವಸ್ತು. ಪದ ಸಿಗದೇ ಹೋದಾಗ, ಇಲ್ಲವೇ ಬೇಜಾರಾದಾಗ ಮುಂದಿನ ಅಕ್ಷರಕ್ಕೆ ಹೋಗಬೇಕು.

ಅಕ್ಷರ ಯಾಕೆ ಬೇಕು, ಮನಸ್ಸಿಗೆ ಬಂದದ್ದನ್ನು ನೆನೆದರೆ ಸಾಲದೇ ಅಂತ ಕೇಳಬಹುದು. ಸಾಲದು. ಮನಸ್ಸು ತಾನಾಗಿ ಹೋದರೆ ಸಂಬಂಧ ಹಿಡಿದೇ ಹೋಗುತ್ತದೆ. ಎತ್ತು ಅಂದರೆ ಗಾಡಿ, ಗಾಡಿ ಅಂದರೆ ಹೊಲ, ಹೊಲ ಅಂದರೆ ಸಾಲ. ನಾಲ್ಕೇ ಹೆಜ್ಜೆಗೆ ಚಿಂತೆಯ ಮನೆ ಬಾಗಿಲಲ್ಲಿ ನಿಂತಿರುತ್ತೇವೆ. ಅಕ್ಷರ ಈ ಸಂಬಂಧವನ್ನು ಕತ್ತರಿಸುತ್ತದೆ. ಸೌತೆಕಾಯಿಗೂ ಸೈಕಲ್ಲಿಗೂ ‘ಸ’ ಬಿಟ್ಟರೆ ಬೇರೇನೂ ನಂಟಿಲ್ಲ.

ಕನ್ನಡದಲ್ಲಿ ಮಾಡುವಾಗ ಒಂದೆರಡು ಸಂಗತಿ ನೋಡಿಕೊಳ್ಳಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಈ ಕೆಲಸಕ್ಕೆ ಅಷ್ಟು ಒಳ್ಳೆಯ ಪದಗಳಲ್ಲ. ಮೊದಲೆರಡರಲ್ಲಿ ‘ಳ’ ಇದೆ. ‘ಳ’ದಿಂದ ಶುರುವಾಗುವ ಪದ ಹುಡುಕುತ್ತಾ ಕೂತರೆ ಇದ್ದ ನಿದ್ದೆಯೂ ಹೋದೀತು. ರಾಯಚೂರಿನಲ್ಲಿ ‘ರ’ ಎರಡು ಸಲ ಬರುತ್ತದೆ, ‘ಯ’ ಬೇಗ ಖಾಲಿಯಾಗುತ್ತದೆ. ಸಿರುಗುಪ್ಪ ಚೆನ್ನಾಗಿದೆ. ಸ, ರ, ಗ, ಪ ನಾಲ್ಕಕ್ಕೂ ಬೇಕಾದಷ್ಟು ಪದ ಸಿಗುತ್ತವೆ. ಸ, ಸಾ, ಸಿ, ಸೀ ಎಲ್ಲವನ್ನೂ ‘ಸ’ ಅಂತಲೇ ಲೆಕ್ಕ ಹಿಡಿಯಬೇಕು. ಕಾಗುಣಿತದ ಸಾಲಿನಲ್ಲಿ ಹೋಗಬಾರದು. ಹೋದರೆ ಅದು ಶಾಲೆಯ ಪಾಠವಾಗುತ್ತದೆ, ಪಾಠಕ್ಕೆ ಎಚ್ಚರ ಬೇಕು. ಇನ್ನು ಸಮಾಧಾನ, ಗೌರವ ಇಂಥವು ಬೇಡ. ಕಣ್ಣಿಗೆ ಕಾಣುವ ವಸ್ತುವೇ ಆಗಬೇಕು.

ಮಾನ್ವಿ ತಾಲ್ಲೂಕಿನಲ್ಲಿ ನನಗೊಬ್ಬ ರೈತ ಗೆಳೆಯ ಇದ್ದಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಅವನ ಗದ್ದೆ. ಮೇಲಿನವರು ನೀರು ಬಿಟ್ಟರೆ ಮಾತ್ರ ಇವನಿಗೆ. ರಸಗೊಬ್ಬರದ ಅಂಗಡಿಯಲ್ಲಿ ಉದ್ರಿ, ದಲಾಲಿ ಅಂಗಡಿಯಲ್ಲಿ ಸಾಲ. ಹಗಲೆಲ್ಲ ಗದ್ದೆಯಲ್ಲಿ ದಣಿದರೂ ರಾತ್ರಿ ‘ತಲಿ ನಿಲ್ಲಂಗಿಲ್ಲ’ ಅನ್ನುತ್ತಿದ್ದ. ನಾನು ಈ ವಿಧಾನ ಹೇಳಿದೆ. ಸಿರುಗುಪ್ಪ ಅನ್ನುವ ಪದವನ್ನೇ ಕೊಟ್ಟೆ.

ಮರುದಿನ ಅವನು ಹೇಳಿದ್ದು: ‘ಸೌತೆಕಾಯಿ ಛಲೋ ಬಂತು. ಆಮೇಲೆ ಸಂತಿ ಬಂತು. ಸಂತ್ಯಾಗ ದಲಾಲಿ ಬಂದ. ಅವನ ಹಿಂದ ಸಾಲ ಬಂತು ನೋಡಪಾ!’

ವಿಧಾನ ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸಂತೆ ಒಂದು ವಸ್ತುವಲ್ಲ. ಅದೊಂದು ಜಾಗ, ಅಲ್ಲಿ ಜನ ಇರುತ್ತಾರೆ. ಹೆಸರಿರುವ ಜನ ಬಂದರೆ ಮಾತು ಬರುತ್ತದೆ, ಮಾತು ಬಂದರೆ ಕಥೆ ಶುರು. ಅದಕ್ಕೇ ಸೂಜಿ, ಸೌಟು, ಸೈಕಲ್ಲಿನಂಥ ಸಣ್ಣ ವಸ್ತುಗಳು ಒಳ್ಳೆಯವು. ಸೂಜಿಯನ್ನು ಹತ್ತಿರದಿಂದ ನೋಡು, ಅದರ ಕಣ್ಣು ನೋಡು, ಬಿಟ್ಟು ಮುಂದೆ ಹೋಗು ಅಂದೆ. ಅದು ಯಾರ ಸೂಜಿ, ಏನು ಹೊಲಿಯುತ್ತಿದೆ ಅಂತ ಕೇಳಬೇಡ ಅಂದೆ. ಸಾಲ ಬಂದರೆ ಅದನ್ನು ಓಡಿಸಲು ಹೋಗದೆ ಸುಮ್ನೆ ಮುಂದಿನ ಪದಕ್ಕೆ ಜಾರಬೇಕು. ಓಡಿಸಲು ನಿಂತರೆ ಅದರ ಮೇಲೇ ಕಣ್ಣಿಟ್ಟ ಹಾಗಾಗುತ್ತದೆ.

ಮುಂದಿನ ಸಲ ಅವನ ಸಾಲು ಹೀಗಿತ್ತು: ಸೌಟು, ಸೂಜಿ, ಸೈಕಲ್, ಸೀತಾಫಲ. ಆಮೇಲೆ ‘ರ’ಕ್ಕೆ ರೊಟ್ಟಿ, ರೇಡಿಯೋ. ‘ಗ’ಕ್ಕೆ ಗಿಳಿ ಬಂತಂತೆ, ಗಡಿಯಾರ ಬಂತಂತೆ. ಗಡಿಯಾರದೊಳಗೆ ರೊಟ್ಟಿ ಯಾಕೋ ತಿರುಗುತ್ತಿತ್ತಂತೆ. ಮುಂದಿನದು ಅವನಿಗೆ ನೆನಪಿಲ್ಲ.

ಆ ರೊಟ್ಟಿಯನ್ನು ಗಮನಿಸಬೇಕು. ಚಿತ್ರಗಳು ನಮ್ಮ ಮಾತು ಕೇಳದೆ ತಾವೇ ಕಲೆಯಲು ಶುರುವಾದವು ಅಂದರೆ ನಿದ್ದೆ ಹತ್ತಿರ ಬಂದಿದೆ ಅಂತ. ಯಾವ ಅಕ್ಷರದಲ್ಲಿದ್ದೆ ಅನ್ನುವುದೇ ಮರೆತುಹೋಗುವುದು ಇನ್ನೊಂದು ಗುರುತು. ತುಂಬಾ ಜನ ಇಲ್ಲಿ ಎಡವುತ್ತಾರೆ. ಮರೆತೆ ಅಂತ ಎಚ್ಚೆತ್ತು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಮರೆತರೆ ಮರೆಯಲಿ ಬಿಡಿ, ಇದೇನು ಪರೀಕ್ಷೆಯಲ್ಲ. ಎಷ್ಟು ಪದ ಆಯಿತು ಅಂತ ಎಣಿಸುವುದು, ನಿದ್ದೆ ಬಂತಾ ಅಂತ ಮಧ್ಯೆ ಮಧ್ಯೆ ಒಳಗೇ ಇಣುಕಿ ನೋಡುವುದು, ಇವೆರಡೂ ಕೆಡಿಸುತ್ತವೆ. ದಿನಾ ಒಂದೇ ಪದ ಹಿಡಿದರೂ ಕೆಡುತ್ತದೆ. ಸೌಟು ಆದ ಮೇಲೆ ಸೂಜಿ ಅಂತ ಕ್ರಮ ಬಾಯಿಪಾಠವಾಗುತ್ತದೆ, ಆಗ ಇದೂ ನೂರರಿಂದ ಹಿಂದಕ್ಕೆ ಎಣಿಸಿದ ಹಾಗೆಯೇ. ನನ್ನ ಗೆಳೆಯ ಈಗ ಹಗರಿಬೊಮ್ಮನಹಳ್ಳಿ ಅನ್ನುವ ಪದಕ್ಕೆ ಬಂದಿದ್ದಾನೆ, ಕೊನೆಯ ‘ಹಳ್ಳಿ’ಯನ್ನು ಬಿಟ್ಟು. ಹೆಸರು ಉದ್ದ ಇರುವುದರ ಲಾಭ ಇಷ್ಟು ದಿನಕ್ಕೆ ಗೊತ್ತಾಯಿತು.

ಇದಕ್ಕೆ ಪುರಾವೆ ಎಷ್ಟಿದೆ? ಸ್ವಲ್ಪ ಇದೆ, ಜಾಸ್ತಿ ಇಲ್ಲ. 2016ರಲ್ಲಿ ಬೋಡುವಾ ಮತ್ತು ಜೊತೆಯವರು 154 ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನವನ್ನು ಒಂದು ನಿದ್ರಾ ಸಮ್ಮೇಳನದಲ್ಲಿ ಮುಂದಿಟ್ಟರು. ಮಲಗುವ ಹೊತ್ತಿಗೆ ಯೋಚನೆಗಳ ಕಾಟ ಇದೆ ಅಂತ ಹೇಳಿಕೊಂಡವರೇ ಅವರೆಲ್ಲ. ಕೆಲವರು ಈ ವಿಧಾನ ಮಾಡಿದರು. ಇನ್ನು ಕೆಲವರು ಮಲಗುವ ಮುಂಚೆಯೇ ತಮ್ಮ ಚಿಂತೆಗಳನ್ನೂ ಅವಕ್ಕೆ ಮಾಡಬಹುದಾದ ಉಪಾಯಗಳನ್ನೂ ಕಾಗದದ ಮೇಲೆ ಬರೆದರು. ಎರಡೂ ಸುಮಾರು ಒಂದೇ ಮಟ್ಟಕ್ಕೆ ಕೆಲಸ ಮಾಡಿದವು. ಇದರಲ್ಲಿ ನೋಡಿದ್ದು ವಿದ್ಯಾರ್ಥಿಗಳನ್ನು ಮಾತ್ರ, ನಂಬಿದ್ದು ಅವರು ಹೇಳಿದ್ದನ್ನೇ. ಹೀಗಾಗಿ ಇದನ್ನು ಔಷಧಿಯ ಹಾಗೆ ಬಣ್ಣಿಸುವ ವಿಡಿಯೋಗಳನ್ನು ನಾನು ನಂಬುವುದಿಲ್ಲ. ಆದರೆ ಚಿತ್ರ ಕಲ್ಪಿಸಿಕೊಳ್ಳುವುದರಿಂದ ಲಾಭ ಇದೆ ಅನ್ನಲು ಬೇರೆ ಆಧಾರವೂ ಇದೆ. 2002ರಲ್ಲಿ ಆಕ್ಸ್‌ಫರ್ಡಿನ ಆಲಿಸನ್ ಹಾರ್ವಿ ಮತ್ತು ಅವರ ಸಹೋದ್ಯೋಗಿ ನಿದ್ದೆ ಬಾರದ 41 ಜನರನ್ನು ಪರೀಕ್ಷಿಸಿದ್ದರು. ಹಿತವಾದ ದೃಶ್ಯವೊಂದನ್ನು ಕಣ್ಣಮುಂದೆ ತಂದುಕೊಂಡವರಿಗೆ, ಯಾವ ಸೂಚನೆಯೂ ಇಲ್ಲದೆ ಮಲಗಿದವರಿಗಿಂತ ಬೇಗ ನಿದ್ದೆ ಬಂದಿತ್ತು.

ನನ್ನ ಗೆಳೆಯನಿಗೆ ಆ ಕಾಗದದ ಉಪಾಯವನ್ನೂ ಸೇರಿಸಿಕೊಳ್ಳಲು ಹೇಳಿದೆ. ಊಟಕ್ಕೆ ಮುಂಚೆ ಬರೆಯುತ್ತಾನೆ: ಯಾರಿಗೆ ಎಷ್ಟು ಕೊಡಬೇಕು, ನೀರಿನ ಬಗ್ಗೆ ನಾಳೆ ಯಾರಿಗೆ ಫೋನ್ ಮಾಡಬೇಕು. ನಿಜವಾದ ಸಾಲಕ್ಕೆ ನಿಜವಾದ ಲೆಕ್ಕವೇ ಬೇಕು. ಅದನ್ನು ಸೂಜಿ, ಸೌಟು ತೀರಿಸುವುದಿಲ್ಲ.

ಇನ್ನೂ ಕೆಲವನ್ನು ಇದು ತೀರಿಸುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ರಾತ್ರಿಯೂ ಗೋಡೆ ಕಾಯ್ದಿರುತ್ತದೆ. ನಿದ್ದೆ ಹತ್ತಲು ಮೈಯೊಳಗಿನ ಶಾಖ ಸ್ವಲ್ಪ ಇಳಿಯಬೇಕು, ಅಂಥ ಕೋಣೆಯಲ್ಲಿ ಅದು ಇಳಿಯುವುದಿಲ್ಲ. ಅದಕ್ಕೆ ಮಾಳಿಗೆ ಮೇಲಿನ ಗಾಳಿಯೇ ಮದ್ದು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ, ಹಗಲೆಲ್ಲ ತೂಕಡಿಸುವವರು ಡಾಕ್ಟರನ್ನು ನೋಡಬೇಕು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೂ ಅಷ್ಟೇ. ಒಂದು ರಾತ್ರಿಯ ಮಟ್ಟಿಗೆ ಹೇಳುವುದಾದರೆ, ಅಂದಾಜು ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮತ್ತೆ ಮಲಗುವುದು ಒಳ್ಳೆಯದು. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮೈಗೆ ರೂಢಿಯಾಗಬಾರದು.

ಓದು ಬರಹ ಬಾರದವರು ಅಕ್ಷರ ಹಿಡಿದು ಹೋಗುವುದು ಹೇಗೆ? ಗೆಳೆಯನ ತಾಯಿಗೆ ಇದೇ ಪ್ರಶ್ನೆ ಬಂತು. ಬೋಡುವಾ ಅವರ ಆ್ಯಪ್‌ನಲ್ಲಿ ಪದಗಳನ್ನು ಬಿಟ್ಟು ಬಿಟ್ಟು ಹೇಳುವ ದನಿ ಇದೆ. ಅದೇ ಕೆಲಸವನ್ನು ಮನೆಯವರೂ ಮಾಡಬಹುದು. ಮೊಮ್ಮಗಳು ಫೋನಿನಲ್ಲಿ ಮೆಲ್ಲಗೆ ಹೇಳಿ ರೆಕಾರ್ಡ್ ಮಾಡಿದಳು: ಬೀಸುಕಲ್ಲು, ಆನೆ, ಛತ್ರಿ, ಪಪ್ಪಾಯಿ, ಏಣಿ. ಒಂದೊಂದರ ನಡುವೆ ಎಂಟು ಸೆಕೆಂಡು ಮೌನ. ಅಜ್ಜಿಗೆ ಗೊತ್ತಿರುವ ವಸ್ತುಗಳೇ ಇರಬೇಕು, ಅಡುಗೆಮನೆಯದೇ ಎರಡು ಒಟ್ಟಿಗೆ ಬರಬಾರದು. ಫೋನಿನ ಪರದೆ ಕೆಳಮುಖವಾಗಿರಲಿ. ರೆಕಾರ್ಡಿಂಗ್ ಮುಗಿದ ಕೂಡಲೇ ಮುಂದಿನ ಹಾಡು ತಾನಾಗಿ ಜೋರಾಗಿ ಶುರುವಾಗದ ಹಾಗೆ ಮೊದಲೇ ನೋಡಿಕೊಳ್ಳಿ.