‘ಹೆವಿ ಸೀನ್’ ಅಂದರೆ ಯಾವುದು ಹೆವಿ?

ಮೊನ್ನೆ ಮತ್ತೆ ಕಿವಿಗೆ ಬಿತ್ತು. "ಸೀನ್ ತುಂಬಾ ಹೆವಿ ಆಗಿದೆ, ಪಾಲಿಗನ್ ಕಡಿಮೆ ಮಾಡ್ಬೇಕು." ಹೇಳಿದವನು ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ಮಾಡುವ ಹುಡುಗ. ಒಂದು ವಾರ ಕೂತು ಬಾಗಿಲು, ಕಿಟಕಿ, ಹಂಚು ಎಲ್ಲದರ ಪಾಲಿಗನ್ನನ್ನೂ, ಅಂದರೆ ಆಕಾರ ಕಟ್ಟುವ ತ್ರಿಕೋನದಂಥ ಪುಟ್ಟ ತುಂಡುಗಳನ್ನೂ, ಅರ್ಧಕ್ಕೆ ಇಳಿಸಿದ. ಒಂದು ಫ್ರೇಮ್ ಚಿತ್ರವಾಗಿ ಹೊರಬರಲು ಆರು ನಿಮಿಷ ಆಗುತ್ತಿದ್ದದ್ದು ಐದೂ ಮುಕ್ಕಾಲು ನಿಮಿಷಕ್ಕೆ ಬಂತು. ಕಿಟಕಿಯ ಸರಳುಗಳು ಮೂಲೆ ಮೂಲೆಯಾಗಿ ಕಾಣತೊಡಗಿದ್ದು ಬೇರೆ.

ತಪ್ಪು ಅವನದ್ದಲ್ಲ, ಆ ಪದದ್ದು. ನಮ್ಮಲ್ಲಿ ಮಳೆಯೂ ಹೆವಿ, ಟ್ರಾಫಿಕ್ಕೂ ಹೆವಿ, ಊಟವೂ ಹೆವಿ. ಹಾಗೇ ಸೀನೂ ಹೆವಿ. ಆದರೆ ಮನೆಯ ಒಂದೇ ಕಂಪ್ಯೂಟರಿನಲ್ಲಿ ತ್ರೀಡಿ ಕಿರುಚಿತ್ರ ಮಾಡುವವರು ಈ ಒಂದು ಪದದಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಕಟ್ಟಿ ಹಾಕುತ್ತಾರೆ. ಒಂದು, ಸೀನು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುತ್ತದೋ ಇಲ್ಲವೋ ಅನ್ನುವುದು. ಇನ್ನೊಂದು, ಅದು ಚಿತ್ರವಾಗಿ ಹೊರಬರಲು ಎಷ್ಟು ಸಮಯ ಬೇಕು ಅನ್ನುವುದು. ನಾನು ಮೊದಲನೆಯದನ್ನು ಹೊರೆ ಅನ್ನುತ್ತೇನೆ, ಎರಡನೆಯದನ್ನು ಹೊತ್ತು. (‘ಹೊರು’ ಧಾತುವಿನಿಂದಲೇ ‘ಹೊತ್ತು’ ಬರುತ್ತದೆ ಅಲ್ವಾ ಅಂತ ಕೇಳಬೇಡಿ. ಆ ಹೊತ್ತು ಬೇರೆ, ಈ ಹೊತ್ತು ಬೇರೆ. ಇಲ್ಲೂ ಅದೇ ಗೊಂದಲ!)

ಇನ್ನು ‘ರೆಂಡರ್’, ಅಂದರೆ ಸೀನನ್ನು ಚಿತ್ರವಾಗಿ ಹೊರತರುವುದು. ಎಡಿಟಿಂಗ್ ಮಾಡಿದ ವಿಡಿಯೋವನ್ನು ಎಕ್ಸ್‌ಪೋರ್ಟ್ ಮಾಡುವುದಕ್ಕೂ ಈಗ ರೆಂಡರ್ ಅಂತಲೇ ಹೆಸರು. ಅದನ್ನು ಬಿಡೋಣ, ಆ ಜಗಳ ಸೋತಾಗಿದೆ. ಪದದ ಬೇರು ಮಾತ್ರ ಚೆನ್ನಾಗಿದೆ. ಲ್ಯಾಟಿನ್ನಿನ ‘ರೆಡ್ಡೆರೆ’, ಅಂದರೆ ತಿರುಗಿ ಕೊಡುವುದು. ಅದು ಹಳೆಯ ಫ್ರೆಂಚಿನಲ್ಲಿ ‘ರಾಂದ್ರ್’ ಆಗಿ ಇಂಗ್ಲಿಷಿಗೆ ಬಂತು. ಲೆಕ್ಕ ಒಪ್ಪಿಸುವುದು, ಸೇವೆ ಸಲ್ಲಿಸುವುದು, ಹಾಡನ್ನು ಹಾಡಿ ತೋರಿಸುವುದು ಎಲ್ಲಕ್ಕೂ ಅಲ್ಲಿ ಇದೇ ಪದ. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂರುವ ಪದ ‘ಒಪ್ಪಿಸು’. ಮೇಷ್ಟ್ರು ಕೇಳಿದಾಗ ಮಗ್ಗಿ ಒಪ್ಪಿಸುತ್ತಿದ್ದೆವಲ್ಲ, ಹಾಗೆ. ಕಂಪ್ಯೂಟರಿಗೆ ನಾವು ಮಾಡೆಲ್, ಬಣ್ಣ, ಬೆಳಕು ಎಲ್ಲ ಕೊಟ್ಟಿರುತ್ತೇವೆ. ಅದು ಚಿತ್ರವನ್ನು ತಿರುಗಿ ಒಪ್ಪಿಸಬೇಕು.

ಪುಸ್ತಕ ಎಷ್ಟು ದಪ್ಪ ಇದೆ ಅನ್ನುವುದು ಹೊರೆ. ಒಪ್ಪಿಸಲು ಎಷ್ಟು ಹೊತ್ತು ಬೇಕು ಅನ್ನುವುದು ಪುಸ್ತಕದ ದಪ್ಪದ ಮೇಲಲ್ಲ, ಕೇಳಿದ ಪ್ರಶ್ನೆಯ ಮೇಲೆ ನಿಂತಿದೆ.

ನಾನು ಮಾಡಿದ ಮೂರು ನಿಮಿಷದ ಚಿತ್ರವನ್ನೇ ತೆಗೆದುಕೊಳ್ಳೋಣ. ಬ್ಲೆಂಡರ್ ಅನ್ನುವ ತ್ರೀಡಿ ತಂತ್ರಾಂಶ, ಅದರಲ್ಲಿ ರೆಂಡರ್ ಮಾಡುವ ಸೈಕಲ್ಸ್ ಎಂಜಿನ್, 8 ಜಿಬಿ ಮೆಮೊರಿಯ ಒಂದು ಗ್ರಾಫಿಕ್ಸ್ ಕಾರ್ಡು. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಟ್ಟು 4320 ಫ್ರೇಮ್. ಮೂರು ಜಾಗಗಳು: ಹಗಲಿನ ಅಡಿಕೆ ತೋಟ ಒಂದೂವರೆ ನಿಮಿಷ, ಮನೆಯ ಜಗಲಿ ಒಂದು ನಿಮಿಷ, ರಾತ್ರಿ ಲಾಟೀನು ಹಚ್ಚಿಟ್ಟ ಅಡುಗೆಮನೆ ಅರ್ಧ ನಿಮಿಷ.

ತೋಟದಲ್ಲಿ 600 ಮರ. ಒಂದೊಂದು ಮರದಲ್ಲೂ ಸುಮಾರು 2 ಲಕ್ಷ ತ್ರಿಕೋನ. ಒಟ್ಟು 12 ಕೋಟಿ. ಅಡುಗೆಮನೆಯಲ್ಲಿ ಒಲೆ, ನಾಲ್ಕು ಪಾತ್ರೆ, ಲಾಟೀನು. ಎಲ್ಲ ಸೇರಿ 1 ಲಕ್ಷವೂ ಇಲ್ಲ. ಯಾವುದು ಹೆವಿ? ತೋಟದ ಫ್ರೇಮ್ 40 ಸೆಕೆಂಡಿನಲ್ಲಿ ಮುಗಿಯಿತು. ಅಡುಗೆಮನೆ ಸರಾಸರಿ 6 ನಿಮಿಷ ತಿಂದಿತು.

ಕಾರಣ ಇದು. ಸೈಕಲ್ಸ್ ಕ್ಯಾಮೆರಾದಿಂದ ಕಿರಣಗಳನ್ನು ಬಿಡುತ್ತದೆ. ಕಿರಣ ಯಾವ ತ್ರಿಕೋನಕ್ಕೆ ತಗಲಿತು ಅಂತ ಹುಡುಕಲು 12 ಕೋಟಿಯನ್ನೂ ಒಂದೊಂದಾಗಿ ನೋಡುವುದಿಲ್ಲ. ಇಡೀ ಸೀನನ್ನು ಮೊದಲೇ ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ಜೋಡಿಸಿಟ್ಟಿರುತ್ತದೆ. ಅಂಚೆಯವರು ಜಿಲ್ಲೆ, ತಾಲ್ಲೂಕು, ಊರು, ಬೀದಿ ಅಂತ ಇಳಿದು ಮನೆ ಹುಡುಕುವ ಹಾಗೆ. ಮನೆಗಳ ಸಂಖ್ಯೆ ಎರಡು ಪಟ್ಟಾದರೆ ಹುಡುಕಾಟಕ್ಕೆ ಹೆಚ್ಚು ಕಡಿಮೆ ಒಂದೇ ಮೆಟ್ಟಿಲು ಸೇರುತ್ತದೆ. ಅದಕ್ಕೇ ಪಾಲಿಗನ್ ಅರ್ಧ ಮಾಡಿದ ಹುಡುಗನಿಗೆ ಕಾಲು ನಿಮಿಷವಷ್ಟೇ ಉಳಿದದ್ದು.

ಹೊತ್ತು ಹೋಗುವುದು ತಗಲಿದ ಮೇಲೆ. ಇಲ್ಲಿಗೆ ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದು ಪ್ರಶ್ನೆ. ತೋಟದಲ್ಲಿ ಮೇಲೆ ನೋಡಿದರೆ ಸೂರ್ಯ, ಸುತ್ತ ಆಕಾಶ. ಉತ್ತರ ತಕ್ಷಣ ಸಿಗುತ್ತದೆ. ಅಡುಗೆಮನೆಯಲ್ಲಿ ಬೆಳಕು ಇರುವುದು ಲಾಟೀನಿನ ಗಾಜಿನ ಬುರುಡೆಯೊಳಗೆ. ಗೋಡೆಯಿಂದ ದೀಪದ ಕಡೆಗೆ ನೇರ ಕಿರಣ ಬಿಟ್ಟರೆ ಸೈಕಲ್ಸಿಗೆ ಗಾಜು ಅಡ್ಡ ಬರುತ್ತದೆ, ಅಲ್ಲಿಗೆ ನೇರ ದಾರಿ ಮುಚ್ಚಿತು. ಗೋಡೆಯಿಂದ ಸುಮ್ನೆ ಎಲ್ಲೋ ಹಾರಿದ ಕಿರಣ ಗಾಜಿನಲ್ಲಿ ಬಾಗಿ ಅದೃಷ್ಟಕ್ಕೆ ಬತ್ತಿಗೆ ಬಡಿದರೆ ಮಾತ್ರ ಬೆಳಕು. ಹಾಗೆ ಬಡಿದ ನಾಲ್ಕಾರು ಕಿರಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ಉಳಿದೆಡೆಯೆಲ್ಲ ಮರಳು ಎರಚಿದ ಹಾಗೆ.

ಈ ಮರಳು ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್, ಅಂದರೆ ಪ್ರತಿ ಪಿಕ್ಸೆಲಿಗೆ ಬಿಡುವ ಕಿರಣಗಳು, ನಾಲ್ಕು ಪಟ್ಟು ಬೇಕು. ಎರಡು ಪಟ್ಟಲ್ಲ, ನಾಲ್ಕು. ಈಗಿನ ಬ್ಲೆಂಡರಿನಲ್ಲಿ ಎಷ್ಟು ಮರಳು ಉಳಿದರೂ ಪರವಾಗಿಲ್ಲ ಅಂತ ಹೇಳುವ `Noise Threshold` ಇರುವುದರಿಂದ ಸುಲಭದ ಜಾಗಗಳಲ್ಲಿ ಎಂಜಿನ್ ಬೇಗ ನಿಲ್ಲಿಸುತ್ತದೆ, ಕಷ್ಟದ ಜಾಗದಲ್ಲಿ `Max Samples` ಮುಗಿಯುವ ತನಕ ತಿಣುಕುತ್ತದೆ. ಹಾಗಾಗಿ ಒಂದೇ ಸೆಟ್ಟಿಂಗಿನಲ್ಲೇ ಒಂದು ಫ್ರೇಮ್ 40 ಸೆಕೆಂಡು, ಇನ್ನೊಂದು 6 ನಿಮಿಷ.

"ಒಂದು ಫ್ರೇಮ್ ನೋಡಿದೆ, 40 ಸೆಕೆಂಡ್ ಆಯ್ತು, ಪೂರ್ತಿ ಚಿತ್ರ ಎರಡು ದಿನ" ಅನ್ನುವವರಿದ್ದಾರಲ್ಲ, ಅವರ ಲೆಕ್ಕ ಇಲ್ಲೇ ಕೈಕೊಡುವುದು. 4320 ಫ್ರೇಮ್‌ಗೆ 40 ಸೆಕೆಂಡಿನಂತೆ 48 ಗಂಟೆ, ನಿಜ. ನಿಜವಾದ ಲೆಕ್ಕ ಜಾಗ ಜಾಗಕ್ಕೆ ಹಾಕಬೇಕು. ತೋಟ 2160 ಫ್ರೇಮ್, 40 ಸೆಕೆಂಡು: 24 ಗಂಟೆ. ಜಗಲಿ 1440 ಫ್ರೇಮ್, 75 ಸೆಕೆಂಡು: 30 ಗಂಟೆ. ಅಡುಗೆಮನೆ 720 ಫ್ರೇಮ್, 6 ನಿಮಿಷ: 72 ಗಂಟೆ. ಒಟ್ಟು 126. ಚಿತ್ರದ ಆರನೇ ಒಂದು ಭಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ನುಂಗಿತು.

ಒಂದು ಶಾಟಿನ ಒಳಗೂ ಇದೇ ಕಥೆ. ನನ್ನ ಅಡುಗೆಮನೆ ಶಾಟಿನ ಮೊದಲ ಫ್ರೇಮಿನಲ್ಲಿ ಲಾಟೀನು ಒಂದು ಮೂಲೆಯಲ್ಲಿತ್ತು, 2 ನಿಮಿಷ. ಕ್ಯಾಮೆರಾ ಹತ್ತಿರ ಹೋಗಿ ಗಾಜೇ ಪರದೆ ತುಂಬಿದಾಗ 10 ನಿಮಿಷ ದಾಟಿತು. ಆದ್ದರಿಂದ ಮೊದಲ ಫ್ರೇಮನ್ನು ನಂಬಬೇಡಿ. ಎರಡು ಸೆಕೆಂಡಿಗೊಂದು ಫ್ರೇಮ್ ಹೆಕ್ಕಿ ಮಾಡಿಸಿ:

```
blender -b adugemane.blend -o //test/#### -s 1 -e 720 -j 48 -a
```

ಇದು 1, 49, 97 ಅಂತ 15 ಫ್ರೇಮ್ ಮಾಡುತ್ತದೆ, ಪ್ರತಿಯೊಂದರ ಸಮಯವೂ ಟರ್ಮಿನಲ್ಲಿನಲ್ಲಿ ಕಾಣುತ್ತದೆ. ಅವುಗಳ ಸರಾಸರಿಯನ್ನು 720ರಿಂದ ಗುಣಿಸಿ. `-a` ಕೊನೆಯಲ್ಲೇ ಇರಲಿ. ಬ್ಲೆಂಡರ್ ಈ ಸೂಚನೆಗಳನ್ನು ಬರೆದ ಕ್ರಮದಲ್ಲೇ ಪಾಲಿಸುತ್ತದೆ, `-a` ಆದಮೇಲೆ ಬರೆದದ್ದಕ್ಕೆ ಆ ರೆಂಡರಿನಲ್ಲಿ ಬೆಲೆಯಿಲ್ಲ.

ಈ ಪರೀಕ್ಷೆಯನ್ನು ಪೂರ್ತಿ ಅಳತೆಯಲ್ಲೇ ಮಾಡಿ. ಅರ್ಧ ರೆಸಲ್ಯೂಷನ್ನಿನಲ್ಲಿ ಮಾಡಿ ನಾಲ್ಕರಿಂದ ಗುಣಿಸುವ ಉಪಾಯ ಜನಪ್ರಿಯ, ಆದರೆ ಮೋಸ. ತೋಟದ 40 ಸೆಕೆಂಡಿನಲ್ಲಿ ಸುಮಾರು 15 ಸೆಕೆಂಡು ಮರಗಳನ್ನು ಹೇರಿ ಆ ಪೆಟ್ಟಿಗೆಗಳನ್ನು ಕಟ್ಟುವುದಕ್ಕೇ ಹೋಗುತ್ತಿತ್ತು. ಚಿತ್ರ ಚಿಕ್ಕದಾದರೆ ಅದು ಕಡಿಮೆಯಾಗುವುದಿಲ್ಲ. ಅರ್ಧ ಅಳತೆಯಲ್ಲಿ 21 ಸೆಕೆಂಡು ಬಂತು, ನಾಲ್ಕರಿಂದ ಗುಣಿಸಿದರೆ 84. ನಿಜಕ್ಕಿಂತ ಎರಡು ಪಟ್ಟು! ಪಾಲಿಗನ್ನಿಗೆ ಹೊತ್ತಿನಲ್ಲಿ ಪಾಲು ಇರುವುದು ಮುಖ್ಯವಾಗಿ ಈ ತಯಾರಿಯಲ್ಲೇ. ಕ್ಯಾಮೆರಾ ಮಾತ್ರ ಓಡಾಡುವ ಶಾಟಾದರೆ `Persistent Data` ಹಾಕಿ, ಎರಡನೇ ಫ್ರೇಮಿನಿಂದ ಈ ತಯಾರಿಯ ಹೊತ್ತಿನಲ್ಲೂ ಬಹುಪಾಲು ಉಳಿತಾಯವಾಗುತ್ತದೆ.

ಇಷ್ಟಾದ ಮೇಲೆ ಹೊರೆ. ಇಲ್ಲಿ ಆ ತೋಟ ನಿಜವಾಗಿ ಹೆವಿ. 600 ಮರಗಳನ್ನು `Shift+D` ಒತ್ತಿ ನಕಲು ಮಾಡಿದರೆ ಒಂದೊಂದರ ಆಕಾರವೂ ಬೇರೆ ಬೇರೆಯಾಗಿ ಮೆಮೊರಿಗೆ ಹೋಗುತ್ತದೆ. ನನ್ನ 8 ಜಿಬಿಯಲ್ಲಿ ಹಿಡಿಸಲಿಲ್ಲ. `Alt+D` ಮಾಡಿದರೆ ಆಕಾರ ಒಂದೇ, ನಿಲ್ಲಿಸಿದ ಜಾಗ ಮಾತ್ರ 600. ನಾನು ಮೂರು ಬಗೆಯ ಮರ ಮಾಡಿ ಅವನ್ನೇ ತಿರುಗಿಸಿ ನಿಲ್ಲಿಸಿದೆ. ಆದರೂ ಮೊದಲ ಸಲ ಹಿಡಿಸಲಿಲ್ಲ. ಮರದ ಮೇಲೆ ಆಕಾರವನ್ನು ಇನ್ನಷ್ಟು ತುಂಡು ಮಾಡಿ ನುಣುಪಾಗಿಸುವ ಸಬ್‌ಡಿವಿಷನ್ ಮಾಡಿಫೈಯರ್ ಉಳಿದಿತ್ತು. ಮಾಡಿಫೈಯರ್ ಇದ್ದರೆ `Alt+D` ನಕಲುಗಳೂ ರೆಂಡರಿನ ಹೊತ್ತಿಗೆ ಬೇರೆ ಬೇರೆ ಮೆಶ್ ಆಗುತ್ತವೆ. ಮೂಲದ ಮರಗಳಲ್ಲಿ ಮಾಡಿಫೈಯರನ್ನು ಅಪ್ಲೈ ಮಾಡಿ, ಆಮೇಲೆ `Alt+D` ನಕಲು ಮಾಡಿದಾಗ ಸರಿಹೋಯಿತು.

ಟೆಕ್ಸ್ಚರ್, ಅಂದರೆ ವಸ್ತುವಿನ ಮೈಗೆ ಅಂಟಿಸುವ ಚಿತ್ರ, ಇನ್ನೊಂದು ಹೊರೆ, ಕಣ್ಣಿಗೆ ಬೀಳದ್ದು. ಡಿಸ್ಕಿನಲ್ಲಿ 5 ಎಂಬಿ ಇರುವ 4096×4096 ಪಿಕ್ಸೆಲಿನ ಜೆಪೆಗ್, ಮೆಮೊರಿಗೆ ಬಿಚ್ಚಿಕೊಂಡಾಗ 64 ಎಂಬಿ. ಮೂಲೆಯ ಬಿಂದಿಗೆಗೂ ಅದನ್ನೇ ಹಾಕುವವರಿಗೆ ಏನು ಹೇಳುವುದು? ಹೊರೆ ಮಿತಿ ಮೀರಿದಾಗ ಕೆಲವೊಮ್ಮೆ `System is out of GPU memory` ಅಂತ ಬಂದು ನಿಲ್ಲುತ್ತದೆ, ಅದು ಒಳ್ಳೆಯದು. ಕೆಲವೊಮ್ಮೆ ನಿಲ್ಲದೆ ಕಂಪ್ಯೂಟರಿನ ಮೆಮೊರಿಯನ್ನು ಸಾಲ ತೆಗೆದುಕೊಂಡು ತೆವಳುತ್ತದೆ. ನಿನ್ನೆ 40 ಸೆಕೆಂಡಿದ್ದ ಫ್ರೇಮ್ ಒಂದು ಕಲ್ಲು ಇಟ್ಟ ಮೇಲೆ ಥಟ್ಟನೆ 3 ನಿಮಿಷ ಆಯಿತೆಂದರೆ, ಹೊರೆ ಹೊತ್ತಿನ ವೇಷ ಹಾಕಿದೆ ಅಂತ ತಿಳಿಯಿರಿ. ಎರಡೂ ಒಂದಾಗುವುದು ಹೀಗೆ ಮೆಮೊರಿ ತುಂಬಿ ಚೆಲ್ಲಿದಾಗ.

ಎಷ್ಟು ಹೊತ್ತು ಬೇಕು ಅಂತ ಕೇಳುವುದಕ್ಕಿಂತ ಎಷ್ಟು ಹೊತ್ತು ಇದೆ ಅಂತ ಮೊದಲು ಕೇಳಬೇಕು. ಹಗಲು ಅದೇ ಕಂಪ್ಯೂಟರಿನಲ್ಲಿ ಬೇರೆ ಕೆಲಸ. ನನಗೆ ಸಿಕ್ಕಿದ್ದು 20 ರಾತ್ರಿ, ರಾತ್ರಿಗೆ 9 ಗಂಟೆ, ಒಟ್ಟು 180. ಅದರಲ್ಲಿ ಮೂರನೇ ಒಂದು ಭಾಗ ತಪ್ಪಿಗೆ, ಕರೆಂಟಿಗೆ, ಮತ್ತೆ ಮಾಡುವುದಕ್ಕೆ. ಉಳಿದ 120 ಗಂಟೆಯನ್ನು 4320ಕ್ಕೆ ಹಂಚಿದರೆ ಫ್ರೇಮಿಗೆ 100 ಸೆಕೆಂಡು. ತೋಟ, ಜಗಲಿ ಅದರೊಳಗಿವೆ. ಕೈ ಹಾಕಬೇಕಾದದ್ದು ಅಡುಗೆಮನೆಗೆ ಮಾತ್ರ.

ಪಾತ್ರೆಗಳ ಪಾಲಿಗನ್ ಮುಟ್ಟಲಿಲ್ಲ. ಗಾಜಿನ ಬುರುಡೆಯನ್ನು ಆರಿಸಿ, ಆಬ್ಜೆಕ್ಟಿನ `Ray Visibility` ಪಟ್ಟಿಯಲ್ಲಿ `Shadow` ತೆಗೆದೆ. ಬತ್ತಿಯ ಜಾಗದಲ್ಲಿ ಒಂದು ಪುಟ್ಟ ಪಾಯಿಂಟ್ ಲೈಟ್ ಇಟ್ಟೆ. ಗಾಜು ಕಣ್ಣಿಗೆ ಗಾಜಾಗಿಯೇ ಕಂಡಿತು, ಬೆಳಕಿಗೆ ಮಾತ್ರ ಅಡ್ಡ ಬರಲಿಲ್ಲ. ಗಾಜಿನಲ್ಲಿ ಬಾಗಿದ ಬೆಳಕು ಗೋಡೆಯ ಮೇಲೆ ಮೂಡಿಸುವ ಗೆರೆಗಳು ಹೋದವು. ಅವನ್ನು ಯಾರೂ ಕೇಳಲಿಲ್ಲ. ಸರಾಸರಿ 150 ಸೆಕೆಂಡಿಗೆ ಬಂತು. 72 ಗಂಟೆ 30 ಆಯಿತು, ಇಡೀ ಚಿತ್ರ 84.

ಹೆಚ್ಚುವರಿ ಸಿಕ್ಕ ಗಂಟೆಗಳಲ್ಲಿ ಜಗಲಿಯ ಶಾಟನ್ನು ಮತ್ತೆ ಮಾಡಬೇಕಾಯಿತು. ಸ್ಯಾಂಪಲ್ ಕಡಿಮೆ ಇಟ್ಟು, ಉಳಿದ ಮರಳನ್ನು ಒರೆಸುವ ಡಿನಾಯ್ಸ್ ಹಾಕಿದ್ದೆ. ಒಂದೊಂದೇ ಫ್ರೇಮ್ ನೋಡಿದಾಗ ನುಣ್ಣಗಿತ್ತು, ಓಡಿಸಿದಾಗ ಗೋಡೆಯೆಲ್ಲ ನೀರಿನಂತೆ ಕದಲುತ್ತಿತ್ತು.